ಮಾಸ್ಕ್ ಹಾಕಿದರೂ ಮಬ್ಬಾಗದ ಕನ್ನಡಕ: ನನ್ನ ಅನುಭವ

ಮಲ್ಲೇಶ್ವರದಲ್ಲಿ ಕನ್ನಡಕದ ಅಂಗಡಿ ಇಟ್ಟು 20 ವರ್ಷ ದಾಟಿದೆ. ಮಬ್ಬಿನ ದೂರಿಗೆ ನಾನೂ ಬಹಳ ಕಾಲ ಎಲ್ಲರ ಹಾಗೆ ಒಂದು ಸ್ಪ್ರೇ ಬಾಟಲಿ ಕೊಟ್ಟು ಕಳಿಸುತ್ತಿದ್ದೆ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿರುವ ಒಬ್ಬ ಹುಡುಗಿ ನನ್ನನ್ನು ಸರಿಯಾಗಿ ಯೋಚಿಸುವ ಹಾಗೆ ಮಾಡಿದಳು. ಬೆಳಿಗ್ಗೆ 9ರಿಂದ 2ರವರೆಗೆ ಮಾಸ್ಕ್ ತೆಗೆಯುವ ಹಾಗಿಲ್ಲ, ಗ್ಲೌಸ್ ಹಾಕಿದ ಕೈಯಲ್ಲಿ ಕನ್ನಡಕ ಮುಟ್ಟುವ ಹಾಗೂ ಇಲ್ಲ. ಪವರ್ ಮೈನಸ್ ನಾಲ್ಕರ ಆಸುಪಾಸು.

ಮೊದಲು ಸ್ಪ್ರೇ ಕೊಟ್ಟೆ, ಸುಮಾರು 300 ರೂಪಾಯಿ. ಅರ್ಧ ಗಂಟೆ ನಿಲ್ಲಲಿಲ್ಲ. ಆಮೇಲೆ ಮಬ್ಬಾಗದ ಕೋಟಿಂಗ್ ಎಂದು ಬರುವ ಲೆನ್ಸನ್ನೇ ತರಿಸಿದೆ, ಹತ್ತಿರ ಹತ್ತಿರ 4,000. ಮೊದಲ ತಿಂಗಳು ಚೆನ್ನಾಗಿತ್ತು. ಅದರ ಜೊತೆ ಬಂದ ಒರೆಸುವ ಬಟ್ಟೆಯಲ್ಲಿದ್ದ ಮಬ್ಬು ತಡೆಯುವ ಅಂಶ ಮುಗಿದ ಮೇಲೆ ಮತ್ತೆ ಅದೇ ಕಥೆ. ಬಟ್ಟೆ ಬೇರೆ ತರಿಸಲು ಹೋದರೆ ಸ್ಟಾಕ್ ಇಲ್ಲ. ಆ ಹಣದಲ್ಲಿ ಅರ್ಧವನ್ನು ನಾನೇ ವಾಪಸ್ ಕೊಟ್ಟೆ.

ಸ್ಪ್ರೇ ಯಾಕೆ ನಿಲ್ಲಲಿಲ್ಲ ಎನ್ನುವುದು ಒಂದು ಹನಿ ನೀರಿನಲ್ಲಿ ಗೊತ್ತಾಯಿತು. ಬೆಳಕು ಪ್ರತಿಫಲಿಸದಂತೆ ಕೋಟಿಂಗ್ ಮಾಡಿದ ಅವಳ ಹಳೇ ಎಆರ್‌ಸಿ ಲೆನ್ಸ್ ಮೇಲೆ ಹನಿ ಹಾಕಿದರೆ ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ಕೂತು ಉರುಳಿತು. ನೀರು, ಎಣ್ಣೆ ಅಂಟದಿರಲಿ ಎಂದು ಮೇಲೆ ಹಾಕಿರುವ ಪದರದ ಗುಣ ಅದು. ಧೂಳಿಗೆ, ಬೆರಳ ಗುರುತಿಗೆ ಒಳ್ಳೆಯದೇ. ಆದರೆ ಮಬ್ಬು ಎಂದರೆ ಸಣ್ಣ ಸಣ್ಣ ಹನಿಗಳೇ ತಾನೆ? ಅವು ಹರಡಿ ಒಂದೇ ತೆಳು ಪೊರೆಯಾಗಬೇಕು, ಆಗ ಮಾತ್ರ ಕಣ್ಣಿಗೆ ಸ್ಪಷ್ಟ. ಹರಡಿಸುವ ಸೋಪಿನ ಅಂಶವೂ ಆ ಜಾರು ಪದರದ ಮೇಲೆ ಸರಿಯಾಗಿ ಹಿಡಿದುಕೊಳ್ಳುವುದಿಲ್ಲ. ದುಬಾರಿ ಕೋಟಿಂಗೇ ಇಲ್ಲಿ ಅಡ್ಡಿ.

ಹಾಗಾಗಿ ಸೋಪು ಹಿಡಿದುಕೊಳ್ಳಲಿ ಎಂದು, ಕೆಲಸಕ್ಕೆ ಮಾತ್ರ ಎರಡನೇ ಜೊತೆ ಮಾಡಿಕೊಟ್ಟೆ: ಗೀರು ತಡೆಯುವ ಬರೀ ಹಾರ್ಡ್ ಕೋಟ್ ಲೆನ್ಸ್, ಫ್ರೇಮ್ ಸೇರಿ 900ರ ಒಳಗೆ. ಚಿಕ್ಕಪೇಟೆಯಲ್ಲಿ ಲೆನ್ಸ್ ತರುವಾಗ "ಏನ್ರೀ, ಎಲ್ಲ ಮುಂದಕ್ಕೆ ಹೋದ್ರೆ ನೀವು ಹಿಂದಕ್ಕೆ ಹೊರಟಿದ್ದೀರಿ?" ಎಂದರು. ಪಕ್ಕದ ಅಂಗಡಿಯವರು ಸೋಪು ಹಚ್ಚಿದರೆ ಕೋಟಿಂಗ್ ಸುಲಿಯುತ್ತದೆ ಎಂದರು. ಎರಡು ಮಳೆಗಾಲ ಕಳೆದಿದೆ, ಏನೂ ಸುಲಿದಿಲ್ಲ.

ಸೋಪು ಹಚ್ಚುವುದು ಹೀಗೆ. ಮೊದಲು ತಣ್ಣೀರಲ್ಲಿ ಧೂಳು ತೊಳೆಯಿರಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರಳ ತುದಿಗೆ ಒಂದೇ ಹನಿ, ಎರಡೂ ಕಡೆ ಸವರಿ. ಪೂರ್ತಿ ತೊಳೆಯಬೇಡಿ, ಒಮ್ಮೆ ನೀರಲ್ಲಿ ಅದ್ದಿ ತೆಗೆದು ಗಾಳಿಗೆ ಒಣಗಲು ಬಿಡಿ. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಉಜ್ಜಿ. ಎಷ್ಟು ಉಜ್ಜಬೇಕು ಎನ್ನುವುದರಲ್ಲೇ ಗುಟ್ಟು, ಅದನ್ನೂ ಲಿಕ್ವಿಡ್‌ನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಕೈ ಮೃದುವಾಗಲಿ ಎಂದು ಎಣ್ಣೆಯಂಶ ಸೇರಿಸಿದ್ದು ಬೇಡ ಎಂದಷ್ಟೇ ಹೇಳುತ್ತೇನೆ. ಪರೀಕ್ಷೆಗೆ ಬಿಸಿ ಕಾಫಿ ಲೋಟದ ಮೇಲೆ ಹತ್ತು ಎಣಿಸುವವರೆಗೆ ಹಿಡಿಯಿರಿ. ಬೆಳ್ಳಗಾದರೆ ಹೆಚ್ಚು ಉಜ್ಜಿದ್ದೀರಿ, ದೀಪದ ಸುತ್ತ ಗೆರೆ ಕಂಡರೆ ಕಡಿಮೆ.

ಇದೊಂದೇ ಸಾಲದು. ಉಸಿರು ಮೂಗಿನ ಪಕ್ಕದಿಂದ ಮೇಲೆ ನುಗ್ಗುತ್ತಿದ್ದರೆ ಯಾವ ಪೊರೆಯೂ ಬೇಗ ತೋಯ್ದು ಹೋಗುತ್ತದೆ. ಮಾಸ್ಕಿನ ತಂತಿಯನ್ನು ಮೂಗಿಗೆ ಒತ್ತಿ, ಮೇಲಂಚಿಗೆ ಮೈಕ್ರೋಪೋರ್ ಟೇಪ್ ಅಡ್ಡಲಾಗಿ ಅಂಟಿಸಿದೆವು. ಟೇಪ್ ಇಲ್ಲದ ದಿನ ಅವಳಿಗೆ ಸುಮಾರು ಎರಡು ಗಂಟೆ, ಟೇಪ್ ಇದ್ದ ದಿನ ಐದು ಗಂಟೆಯೂ ಬಂತು. ನೋಸ್ ಪ್ಯಾಡ್‌ಗಳನ್ನು ಸ್ವಲ್ಪ ಹತ್ತಿರ ತಂದು ಲೆನ್ಸನ್ನು ಕೆನ್ನೆಯಿಂದ ದೂರ ಮಾಡಿದ್ದೂ ನೆರವಾಯಿತು.

ನಡುವೆ ಅಂಟುವಾಳದ ನೀರನ್ನೂ ನೋಡಿದೆ. ಮಬ್ಬು ತಡೆಯುತ್ತದೆ, ಸುಳ್ಳಲ್ಲ, ಆದರೆ ಒಣಗಿದ ಮೇಲೆ ಅಂಟಂಟು, ಧೂಳೆಲ್ಲ ಅದಕ್ಕೇ. ಶೇವಿಂಗ್ ಫೋಮ್ ಒಂದು ಗಂಟೆ ನಿಂತಿತು. ಟೂತ್‌ಪೇಸ್ಟ್ ಹಚ್ಚಿ ಲೆನ್ಸ್ ಗೀರಿಸಿಕೊಂಡು ಬಂದವರನ್ನು ನೀವೂ ನೋಡಿರುತ್ತೀರಿ.

ಈವರೆಗೆ ಸುಮಾರು 40 ಜನಕ್ಕೆ ಈ ಎರಡನೇ ಜೊತೆ ಕೊಟ್ಟಿದ್ದೇನೆ, ಇಬ್ಬರೋ ಮೂವರೋ ಬೇಡವೆಂದು ತಂದುಕೊಟ್ಟರು. ರಾತ್ರಿ ಗಾಡಿ ಓಡಿಸುವವರಿಗೆ ಎದುರಿನ ಹೆಡ್‌ಲೈಟ್ ಕಣ್ಣು ಕುಕ್ಕುತ್ತದೆ, ಅವರು ಮನೆಗೆ ಹೋಗುವಾಗ ಎಆರ್‌ಸಿಯನ್ನೇ ಹಾಕಿಕೊಳ್ಳಬೇಕು. ಎಸಿ ಮೆಟ್ರೋದಿಂದ ಜುಲೈ ಮಳೆಗೆ ಇಳಿದಾಗಿನ ಮಬ್ಬಿಗೆ ಇಷ್ಟೆಲ್ಲ ಬೇಡ, ಲೆನ್ಸ್ ಬಿಸಿಯಾದ ಕೂಡಲೇ ತಾನೇ ಹೋಗುತ್ತದೆ. ನಾನಿನ್ನೂ ಗೆಲ್ಲದೆ ಇರುವುದು ಹೋಟೆಲ್ ಅಡುಗೆಮನೆ. ಇಡ್ಲಿ ಪಾತ್ರೆ ತೆರೆದಾಗಿನ ಹಬೆಗೆ ಸೋಪಿನ ಪೊರೆ ನಾಲ್ಕೇ ಸಲಕ್ಕೆ ತೊಳೆದು ಹೋಯಿತು ಎಂದು ನಮ್ಮ ರಸ್ತೆಯ ಭಟ್ಟರು ಮೊನ್ನೆ ಕನ್ನಡಕ ವಾಪಸ್ ತಂದಿಟ್ಟಿದ್ದಾರೆ. ಅದು ಈಗ ನನ್ನ ಮೇಜಿನ ಮೇಲಿದೆ.