ಕಾಣದ ಲೋಡನ್ನು ಲೆಕ್ಕ ಹಾಕಿ ಹಿಡಿಯುವುದು ಹೇಗೆ?

ಗರಗಸದ ಚಕ್ರ ಖಾಲಿ ತಿರುಗುತ್ತಿದೆ. ಮರದ ತುಂಡು ಒತ್ತಿದ ತಕ್ಷಣ ಸದ್ದು ಬದಲಾಗುತ್ತದೆ, ವೇಗ ಇಳಿಯುತ್ತದೆ. ಮರ ಗಟ್ಟಿಯೋ ಮೆದುವೋ ಎಂದು ಮೋಟಾರ್ ಡ್ರೈವ್‌ಗೆ ಯಾರೂ ಹೇಳುವುದಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ ಸಂಗತಿ: ಮೋಟಾರಿಗೆ ಎಷ್ಟು ಕರೆಂಟ್ ಹೋಗುತ್ತಿದೆ, ಅದು ಎಷ್ಟು ವೇಗವಾಗಿ ತಿರುಗುತ್ತಿದೆ. ಇವೆರಡರಿಂದಲೇ ಮರ ಎಷ್ಟು ಜೋರಾಗಿ ತಡೆಯುತ್ತಿದೆ ಎಂದು ಕಂಡುಹಿಡಿದು, ಅಷ್ಟೇ ಟಾರ್ಕನ್ನು ಹೆಚ್ಚಿಗೆ ಕೊಡುವ ಉಪಾಯ ಒಂದಿದೆ. ಹೆಸರು ಡಿಸ್ಟರ್ಬೆನ್ಸ್ ಅಬ್ಸರ್ವರ್. 1980ರ ದಶಕದಲ್ಲಿ ಜಪಾನಿನ ಕೌಹೇ ಓನಿಶಿ ಮತ್ತು ಅವರ ಜೊತೆಗಾರರು ಇದನ್ನು ಮೋಟಾರ್‌ಗಳಿಗೆ ಅಳವಡಿಸಿ ತೋರಿಸಿದರು. ಹೆಸರು ದೊಡ್ಡದು. ಕೋಡ್ ಮಾತ್ರ ನಾಲ್ಕು ಸಾಲು.

ಮೊದಲು ಲೆಕ್ಕ

ಜೇಬಿನಲ್ಲಿ ಇಷ್ಟಿತ್ತು, ನಾನು ಇಷ್ಟು ಖರ್ಚು ಮಾಡಿದೆ, ಉಳಿದದ್ದು ಮಾತ್ರ ಕಡಿಮೆ ಇದೆ. ಹಾಗಾದರೆ ಬೇರೆ ಯಾರೋ ತೆಗೆದುಕೊಂಡಿದ್ದಾರೆ, ಅಲ್ವಾ? ಇಲ್ಲಿರುವುದೂ ಇದೇ ಲೆಕ್ಕ. ಮೋಟಾರ್ ಕೊಟ್ಟ ಟಾರ್ಕ್ ಎಂದರೆ ಕರೆಂಟ್ `i` ಮತ್ತು ಟಾರ್ಕ್ ಸ್ಥಿರಾಂಕ `Kt` ಇವುಗಳ ಗುಣಲಬ್ಧ. ಚಕ್ರದ ವೇಗ ಏರಿಸಲು ಖರ್ಚಾದ ಟಾರ್ಕ್ ಎಂದರೆ ಜಡತ್ವ `J` ಮತ್ತು ವೇಗ ಏರುವ ದರ ಇವುಗಳ ಗುಣಲಬ್ಧ. ಕೊಟ್ಟದ್ದರಲ್ಲಿ ಖರ್ಚಾದದ್ದನ್ನು ಕಳೆದರೆ ಉಳಿಯುವುದೇ ಲೋಡ್ ಟಾರ್ಕ್. ಮರ, ಬೇರಿಂಗ್‌ನ ಘರ್ಷಣೆ, ಗಾಳಿಯ ತಡೆ, ಎಲ್ಲವೂ ಒಂದೇ ಮೂಟೆಯಾಗಿ ಇದರಲ್ಲಿ ಸಿಗುತ್ತವೆ. ಬೇರೆ ಬೇರೆ ಮಾಡಬೇಕಾದ ಅಗತ್ಯವೂ ಇಲ್ಲ, ಒಟ್ಟಿಗೇ ರದ್ದು ಮಾಡುವುದು ತಾನೆ ನಮ್ಮ ಕೆಲಸ!

ಒಂದು ಚಿಕ್ಕ ಮೋಟಾರ್ ತೆಗೆದುಕೊಳ್ಳೋಣ. `Kt` ಪ್ರತಿ ಆಂಪಿಯರ್‌ಗೆ 0.1 ನ್ಯೂಟನ್ ಮೀಟರ್. ರೋಟರ್ ಮತ್ತು ಚಕ್ರ ಸೇರಿ `J` 0.0002 ಕಿಲೋಗ್ರಾಂ ಚದರ ಮೀಟರ್. ವೇಗ ಸೆಕೆಂಡಿಗೆ 100 ರೇಡಿಯನ್, ಅಂದರೆ ನಿಮಿಷಕ್ಕೆ ಸುಮಾರು 955 ಸುತ್ತು. ಮರ ತಾಗಿದಾಗ ಬೀಳುವ ಲೋಡ್ 0.5 ನ್ಯೂಟನ್ ಮೀಟರ್. ಅದನ್ನು ಹೊರಲು 5 ಆಂಪಿಯರ್ ಬೇಕು.

ಮೊದಲು ಬರೀ ಪ್ರಪೋರ್ಷನಲ್ ಕಂಟ್ರೋಲ್ ಹಾಕಿ ನೋಡಿ. ವೇಗ ಸೆಕೆಂಡಿಗೆ 1 ರೇಡಿಯನ್ ಕಡಿಮೆಯಾದರೆ ಅದು 0.01 ನ್ಯೂಟನ್ ಮೀಟರ್ ಕೊಡುತ್ತದೆ ಎನ್ನಿ. ಹಾಗಿದ್ದರೆ 0.5 ಸಿಗಲು ವೇಗ ಸೆಕೆಂಡಿಗೆ 50 ರೇಡಿಯನ್ ಬೀಳಲೇಬೇಕು. ಅರ್ಧಕ್ಕೆ ಅರ್ಧ ಹೋಯಿತು! ವೇಗ ತಪ್ಪಿದರೆ ಮಾತ್ರ ಟಾರ್ಕ್ ಕೊಡುವ ಕಂಟ್ರೋಲರ್‌ನ ಹಣೆಬರಹವೇ ಇದು. ಇಂಟೆಗ್ರಲ್ ಸೇರಿಸಿದರೆ ವೇಗ ವಾಪಸ್ ಬರುತ್ತದೆ, ಆದರೆ ತಪ್ಪು ಒಟ್ಟುಗೂಡುವ ತನಕ ಕಾಯಬೇಕು. ಅಬ್ಸರ್ವರ್ ಹಾಗೆ ಕಾಯುವುದಿಲ್ಲ. ಕೊಟ್ಟ ಕರೆಂಟಿಗೆ ತಕ್ಕಷ್ಟು ವೇಗ ಏರಲಿಲ್ಲವಲ್ಲ ಎಂದು ಅದು ನೇರವಾಗಿ ಗಮನಿಸುತ್ತದೆ.

ವೇಗದ ಏರಿಕೆಯನ್ನು ಅಳೆಯುವ ಜಾಣ್ಮೆ

ಲೆಕ್ಕ ಸುಲಭ, ಆದರೆ ವೇಗ ಏರುವ ದರವನ್ನು ಅಳೆಯುವುದು ಕಷ್ಟ. ಈಗಿನ ವೇಗದಿಂದ ಹಿಂದಿನ ವೇಗ ಕಳೆದು ಸಮಯದಿಂದ ಭಾಗಿಸಿದರೆ ಎನ್‌ಕೋಡರ್‌ನ ಸಣ್ಣ ಸಣ್ಣ ಜಿಗಿತಗಳೂ ಬೆಟ್ಟದಷ್ಟಾಗುತ್ತವೆ. ಹಾಗಾಗಿ ವೇಗವನ್ನು ಒಂದು ಸಾದಾ ಫಿಲ್ಟರ್ ಮೂಲಕ ಕಳಿಸುತ್ತೇವೆ. ವೇಗ ಏರುತ್ತಿದ್ದರೆ ಫಿಲ್ಟರ್‌ನಿಂದ ಹೊರಬರುವ ವೇಗ ನಿಜವಾದ ವೇಗಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಎಷ್ಟು ಹಿಂದೆ ಬಿದ್ದಿದೆ ಎನ್ನುವುದೇ ಏರಿಕೆಯ ದರಕ್ಕೆ ಅಳತೆ! ಭಾಗಾಕಾರ ಮಾಡದೆ ಸುಮ್ನೆ ಒಂದು ವ್ಯವಕಲನದಲ್ಲಿ ಕೆಲಸ ಮುಗಿಯಿತು. ಇಡೀ ವಿಧಾನದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ.

ಫಿಲ್ಟರ್‌ನ ಚುರುಕನ್ನು `g` ಎನ್ನೋಣ. ನಮ್ಮ ಮೋಟಾರಿಗೆ ಸೆಕೆಂಡಿಗೆ 200 ರೇಡಿಯನ್ ಇಡೋಣ. ಅಂದರೆ ಸುಮಾರು 5 ಮಿಲಿಸೆಕೆಂಡಿನಲ್ಲಿ ಲೋಡಿನ ಮೂರನೇ ಎರಡು ಭಾಗಕ್ಕೆ ಹತ್ತಿರದ ಅಂದಾಜು ಸಿಗುತ್ತದೆ. ಡ್ರೈವ್ ಪ್ರತಿ 0.1 ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಮಾಡುತ್ತದೆ. ಪ್ರತಿ ಲೆಕ್ಕದಲ್ಲಿ ಫಿಲ್ಟರ್ ಉಳಿದ ಅಂತರದ ಎಷ್ಟು ಪಾಲು ಮುಂದೆ ಸಾಗುತ್ತದೆ ಎನ್ನುವುದೇ `a`. ಆಗ ಅದರ ಬೆಲೆ 0.0198.

```
x  = Kt*i + g*J*w
z  = z + a*(x - z)
TL = z - g*J*w
i_ref = i_p + TL/Kt
```

`x` ಫಿಲ್ಟರ್‌ಗೆ ಹೋಗುವುದು, `z` ಅದರಿಂದ ಹೊರಬರುವುದು, `TL` ಅಂದಾಜಾದ ಲೋಡ್ ಟಾರ್ಕ್, `i_ref` ಡ್ರೈವ್‌ನಿಂದ ಕೇಳುವ ಕರೆಂಟ್. `w` ಅಳೆದ ವೇಗ. `i` ಅಳೆದ ಕರೆಂಟ್. ನಾವು ಕೇಳಿದ ಕರೆಂಟ್ ಅಲ್ಲ. `i_p` ಎಂದರೆ ಪ್ರಪೋರ್ಷನಲ್ ಕಂಟ್ರೋಲರ್ ಕೊಟ್ಟ ಕರೆಂಟ್. ಕೊನೆಯ ಸಾಲು ಅಂದಾಜಾದ ಲೋಡನ್ನು ಕರೆಂಟಾಗಿ ಬದಲಿಸಿ ಅದಕ್ಕೆ ಸೇರಿಸುತ್ತದೆ.

ಚಾಲೂ ಮಾಡುವ ಮೊದಲು ಒಂದು ಎಚ್ಚರಿಕೆ. ತಿರುಗುತ್ತಿರುವ ಮೋಟಾರಿನಲ್ಲಿ ಅಬ್ಸರ್ವರ್ ಶುರು ಮಾಡುವಾಗ `z` ಸೊನ್ನೆ ಇರಬಾರದು. ನಾನು ಮೊದಲ ಸಲ ಅದನ್ನು ಸೊನ್ನೆಯಲ್ಲೇ ಬಿಟ್ಟಿದ್ದೆ. `g*J*w` ಅಂದರೆ 200 × 0.0002 × 100, ಅದು 4 ನ್ಯೂಟನ್ ಮೀಟರ್. ಇಲ್ಲದ 4 ನ್ಯೂಟನ್ ಮೀಟರ್ ಯಾರೋ ಮುಂದಕ್ಕೆ ತಳ್ಳುತ್ತಿದ್ದಾರೆ ಎಂದು ಅಬ್ಸರ್ವರ್ ನಂಬಿತು, 40 ಆಂಪಿಯರ್ ಉಲ್ಟಾ ಕೇಳಿತು, ಡ್ರೈವ್ ಟ್ರಿಪ್ ಆಯಿತು. ಶುರುವಿನಲ್ಲಿ `z = x` ಎಂದು ಒಂದು ಸಾಲು ಬರೆದರೆ ಸಾಕು.

ಮೊದಲು ಬರೀ ನೋಡಿ, ಆಮೇಲೆ ಜೋಡಿಸಿ

ಕೊನೆಯ ಸಾಲಿನಲ್ಲಿ `TL/Kt` ಸೇರಿಸುವುದನ್ನು ಸದ್ಯಕ್ಕೆ ಬಿಡಿ. ಅಬ್ಸರ್ವರ್ ಅಂದಾಜು ಮಾಡಲಿ, ಗ್ರಾಫ್ ನೀವು ನೋಡಿ. ಎರಡು ಪರೀಕ್ಷೆ ಮಾಡಿದರೆ `J` ಮತ್ತು `Kt` ಎರಡೂ ಸರಿಯಾಗಿವೆಯೇ ಎಂದು ತಿಳಿಯುತ್ತದೆ.

ಮೊದಲನೆಯದು ಜಡತ್ವದ ಪರೀಕ್ಷೆ. ಲೋಡ್ ಇಲ್ಲದೆ ವೇಗವನ್ನು 0.1 ಸೆಕೆಂಡಿನಲ್ಲಿ ಸೊನ್ನೆಯಿಂದ 100ಕ್ಕೆ ಸಮನಾಗಿ ಏರಿಸಿ. `J` ಸರಿ ಇದ್ದರೆ `TL` ಗೆರೆಯಲ್ಲಿ ಘರ್ಷಣೆ ಮಾತ್ರ ಕಾಣುತ್ತದೆ. ವೇಗ ಏರುವಾಗಲೂ ಏರಿಕೆ ನಿಂತ ಮೇಲೂ ಹೆಚ್ಚುಕಡಿಮೆ ಒಂದೇ ಮಟ್ಟ. ಕೋಡಿನಲ್ಲಿ 0.0002 ಬದಲು 0.00015 ಹಾಕಿದ್ದರೆ, ವೇಗ ಏರುವಷ್ಟು ಹೊತ್ತೂ 0.05 ನ್ಯೂಟನ್ ಮೀಟರ್‌ನ ಗುಡ್ಡ ಏಳುತ್ತದೆ, ಏರಿಕೆ ನಿಂತಾಗ ಇಳಿದು ಹೋಗುತ್ತದೆ. ಗುಡ್ಡ ಕಂಡರೆ `J` ಕಡಿಮೆಯಾಗಿದೆ, ಗುಂಡಿ ಕಂಡರೆ ಜಾಸ್ತಿಯಾಗಿದೆ. ಗೆರೆ ನೇರವಾಗುವ ತನಕ ತಿದ್ದಿ. ಜಡತ್ವ ಗೊತ್ತಿಲ್ಲದ ಯಂತ್ರದಲ್ಲಿ ಅದನ್ನು ಹುಡುಕಲಿಕ್ಕೂ ಇದೇ ದಾರಿ.

ಎರಡನೆಯದು ತೂಕದ ಪರೀಕ್ಷೆ. ಶಾಫ್ಟ್‌ಗೆ 5 ಸೆಂಟಿಮೀಟರ್ ತ್ರಿಜ್ಯದ ಪುಲ್ಲಿ ಹಾಕಿ, ಹಗ್ಗದಲ್ಲಿ 1 ಕಿಲೋ ತೂಗುಬಿಡಿ. ಅದರ ಟಾರ್ಕ್ 0.49 ನ್ಯೂಟನ್ ಮೀಟರ್. ನಿಧಾನವಾಗಿ ಒಂದೇ ವೇಗದಲ್ಲಿ ಮೇಲೆತ್ತಿ, `TL` ಬರೆದುಕೊಳ್ಳಿ. ಅದೇ ವೇಗದಲ್ಲಿ ಇಳಿಸಿ, ಮತ್ತೆ ಬರೆದುಕೊಳ್ಳಿ. ಎತ್ತುವಾಗ ತೂಕಕ್ಕೆ ಘರ್ಷಣೆ ಸೇರುತ್ತದೆ, ಇಳಿಸುವಾಗ ಕಳೆಯುತ್ತದೆ. ಎರಡರ ಸರಾಸರಿಯಲ್ಲಿ ಘರ್ಷಣೆ ಮಾಯ. ಸರಾಸರಿ 0.54 ಬಂದರೆ ನೀವು ಹಾಕಿದ `Kt` ಶೇಕಡಾ 10ರಷ್ಟು ಜಾಸ್ತಿ.

ಇಲ್ಲೊಂದು ತಮಾಷೆ ಇದೆ. `Kt` ತಪ್ಪಾಗಿದ್ದರೂ ಸ್ಥಿರವಾದ ಲೋಡ್ ಸರಿಯಾಗಿಯೇ ರದ್ದಾಗುತ್ತದೆ. ಗುಣಿಸುವಾಗ ಮಾಡಿದ ತಪ್ಪು, ಕೊನೆಯಲ್ಲಿ ಅದೇ `Kt`ಯಿಂದ ಭಾಗಿಸುವಾಗ ಹೊರಟುಹೋಗುತ್ತದೆ. ಅಂದಾಜನ್ನು ಟಾರ್ಕ್ ಮೀಟರ್ ಥರ ಓದುವ ಆಸೆ ಇದ್ದರೆ ಮಾತ್ರ ಈ ಎರಡನೇ ಪರೀಕ್ಷೆಯಲ್ಲಿ ಹಟ ಹಿಡಿಯಬೇಕು.

ಜೋಡಿಸಿದ ಮೇಲೆ ಏನಾಗುತ್ತದೆ

ಈಗ `TL/Kt` ಸೇರಿಸಿ, ಮರ ಒತ್ತಿ. ಬರೀ ಅಬ್ಸರ್ವರ್ ಇದ್ದು ಪ್ರಪೋರ್ಷನಲ್ ಭಾಗ ಇಲ್ಲದಿದ್ದರೆ ವೇಗ ಸೆಕೆಂಡಿಗೆ 12.5 ರೇಡಿಯನ್ ಬಿದ್ದು ಅಲ್ಲೇ ನಿಲ್ಲುತ್ತದೆ. ಬೀಳುವುದು ನಿಂತಿತು, ಆದರೆ ಹತ್ತಲಿಲ್ಲ. ಏಕೆಂದರೆ ಅಬ್ಸರ್ವರ್‌ಗೆ ಲೋಡ್ ಗೊತ್ತು, ನಿಮಗೆ ಬೇಕಾದ ವೇಗ ಎಷ್ಟು ಎಂದು ಗೊತ್ತಿಲ್ಲ. ಕಳೆದುಹೋದ ವೇಗವನ್ನು ವಾಪಸ್ ತರುವುದು ಪ್ರಪೋರ್ಷನಲ್ ಭಾಗದ ಕೆಲಸ. ಎರಡೂ ಸೇರಿದಾಗ ವೇಗ ಸುಮಾರು 9 ಮಿಲಿಸೆಕೆಂಡಿನ ಹೊತ್ತಿಗೆ 7.9 ರೇಡಿಯನ್‌ನಷ್ಟು ಇಳಿದು, ಆಮೇಲೆ ಪೂರ್ತಿ 100ಕ್ಕೆ ಮರಳುತ್ತದೆ. ಮುಂಚೆ 50 ಬಿದ್ದು ಅಲ್ಲೇ ಕೂತಿತ್ತು, ನೆನಪಿದೆಯಲ್ಲ?

ಇದರ ಜೊತೆಗೆ ಹಳೆಯ ಇಂಟೆಗ್ರಲ್ ಭಾಗವನ್ನೂ ಇಟ್ಟುಕೊಳ್ಳೋಣ ಎಂದು ಅನೇಕರಿಗೆ ಅನಿಸುತ್ತದೆ. ಬೇಡ. ಅಂದಾಜನ್ನು ವಾಪಸ್ ಸೇರಿಸಿದ ಕ್ಷಣವೇ ಅಬ್ಸರ್ವರ್ ಒಳಗೊಂದು ಇಂಟೆಗ್ರಲ್ ಹುಟ್ಟಿಕೊಳ್ಳುತ್ತದೆ. ಇಬ್ಬರು ಒಂದೇ ಕೆಲಸಕ್ಕೆ ಕೈ ಹಾಕಿದರೆ ವೇಗ ಗುರಿ ದಾಟಿ ಹೋಗಿ ಮತ್ತೆ ವಾಪಸ್ ಬರುತ್ತದೆ.

`g` ಎಷ್ಟು ಏರಿಸಬಹುದು?

`g` ಏರಿಸಿದಷ್ಟೂ ವೇಗ ಕಡಿಮೆ ಬೀಳುತ್ತದೆ. ಹಾಗಾದರೆ 2000 ಇಟ್ಟುಬಿಡೋಣವೇ? ಮೊದಲು ಅಡ್ಡ ಬರುವುದು ಎನ್‌ಕೋಡರ್. ಸುತ್ತಿಗೆ 4000 ಎಣಿಕೆಯ ಎನ್‌ಕೋಡರನ್ನು ಪ್ರತಿ 0.1 ಮಿಲಿಸೆಕೆಂಡಿಗೆ ಓದಿ ವೇಗ ಲೆಕ್ಕ ಹಾಕಿದರೆ, ಒಂದೇ ಒಂದು ಎಣಿಕೆಯ ವ್ಯತ್ಯಾಸ ಎಂದರೆ ಸೆಕೆಂಡಿಗೆ 15.7 ರೇಡಿಯನ್. ಅದನ್ನು `g*J`ಯಿಂದ ಗುಣಿಸಿ. `g` 200 ಇದ್ದಾಗಲೇ 0.63 ನ್ಯೂಟನ್ ಮೀಟರ್‌ನ ಜಿಗಿತ ಬರುತ್ತದೆ. ಹಿಡಿಯಬೇಕಾದ ಲೋಡಿಗಿಂತ ಗದ್ದಲವೇ ದೊಡ್ಡದು! ಕಿವಿಗೆ ಇದು ಕರಕರ ಎಂದು ಕೇಳುತ್ತದೆ, ಕರೆಂಟಿನ ಗ್ರಾಫ್ ಗರಗಸದ ಹಲ್ಲಿನಂತೆ ಕಾಣುತ್ತದೆ, ಮೋಟಾರ್ ಸುಮ್ಮನೆ ಬಿಸಿಯಾಗುತ್ತದೆ.

ವೇಗವನ್ನು ಹಿಂದಿನ 1 ಮಿಲಿಸೆಕೆಂಡಿನ ಎಣಿಕೆಗಳ ಮೇಲೆ ಲೆಕ್ಕ ಹಾಕಿದರೆ ಜಿಗಿತ ಹತ್ತನೇ ಒಂದಕ್ಕೆ, ಅಂದರೆ 0.063ಕ್ಕೆ ಇಳಿಯುತ್ತದೆ. ಬದಲಿಗೆ ಅರ್ಧ ಮಿಲಿಸೆಕೆಂಡಿನಷ್ಟು ತಡ ಸೇರುತ್ತದೆ. 5 ಮಿಲಿಸೆಕೆಂಡಿನ ಫಿಲ್ಟರ್‌ಗೆ ಅದು ಪರವಾಗಿಲ್ಲ. `g` 2000 ಇದ್ದರೆ ಫಿಲ್ಟರೇ ಅರ್ಧ ಮಿಲಿಸೆಕೆಂಡಿನದ್ದು, ಆಗ ನಡೆಯುವುದಿಲ್ಲ.

ಎರಡನೇ ಅಡ್ಡಿ ಕರೆಂಟ್ ಲೂಪ್. ಕೇಳಿದ ಕರೆಂಟ್ ಬರಲು ಅದಕ್ಕೂ ಸಮಯ ಬೇಕು. `g` ಅದರ ಚುರುಕಿನ ಕಾಲು ಭಾಗ ಮೀರದಿದ್ದರೆ ಒಳ್ಳೆಯದು. ಕೋಡಿನಲ್ಲಿರುವ `J` ನಿಜಕ್ಕಿಂತ ಎರಡು ಪಟ್ಟಿದ್ದರೆ `g` ಎರಡು ಪಟ್ಟು ಆದಂತೆಯೇ ಯಂತ್ರ ವರ್ತಿಸುತ್ತದೆ ಎನ್ನುವುದನ್ನೂ ಮರೆಯಬೇಡಿ. ಚಕ್ರ ಬಿಚ್ಚಿ ಬರೀ ಮೋಟಾರ್ ಓಡಿಸಿದಾಗ ಇದ್ದಕ್ಕಿದ್ದಂತೆ ಗುಂಯ್‌ಗುಡಲು ಶುರುವಾದರೆ ಕಾರಣ ಇದೇ ಇರಬಹುದು. ಇನ್ನು ಮೋಟಾರಿಗೂ ಲೋಡಿಗೂ ನಡುವೆ ಬೆಲ್ಟ್ ಅಥವಾ ಮೆದುವಾದ ಕಪ್ಲಿಂಗ್ ಇದ್ದರೆ `J` ಒಂದೇ ಎನ್ನುವ ಲೆಕ್ಕವೇ ಕುಸಿಯುತ್ತದೆ. ಆ ಜೋಡಿ ತೊನೆಯುವ ಆವರ್ತನಕ್ಕಿಂತ ತುಂಬ ಕೆಳಗೆ `g` ಇಡಬೇಕು.

ಕೊನೆಗೆ ಕರೆಂಟ್ ಮಿತಿ. ಮರದ ಗಂಟು ಸಿಕ್ಕಿ ಲೋಡ್ 1.5 ನ್ಯೂಟನ್ ಮೀಟರ್ ಆಯಿತು, ಡ್ರೈವ್ ಕೊಡುವುದು 10 ಆಂಪಿಯರ್ ಮಾತ್ರ ಎನ್ನಿ. ಅಬ್ಸರ್ವರ್ 15 ಕೇಳುತ್ತದೆ, ಸಿಗುವುದು 10, ವೇಗ ಬೀಳುತ್ತದೆ. ಅದಕ್ಕೆ ಮದ್ದಿಲ್ಲ. ಆದರೆ ಕೋಡಿನ ಮೊದಲ ಸಾಲಿಗೆ ಅಳೆದ ಕರೆಂಟ್ ಬದಲು ಕೇಳಿದ ಕರೆಂಟ್ ಕೊಟ್ಟಿದ್ದರೆ, 15 ಕೊಟ್ಟೆ, ಆದರೂ ವೇಗ ಇಳಿಯಿತು, ಹಾಗಾದರೆ ಲೋಡ್ ಇನ್ನೂ ಜಾಸ್ತಿ ಎಂದು ಅದು ತಪ್ಪು ತಿಳಿಯುತ್ತದೆ. ಅಂದಾಜು 20, 30, 40 ಆಂಪಿಯರ್‌ನತ್ತ ಓಡುತ್ತದೆ. ಗಂಟು ದಾಟಿದ ಮೇಲೂ ಆ ಸುಳ್ಳು ಲೋಡ್ ಇಳಿಯಲು ಹೊತ್ತು ಬೇಕು, ಅಷ್ಟರಲ್ಲಿ ಚಕ್ರ 100 ದಾಟಿ ಹಾರಿರುತ್ತದೆ. ಲೋಡ್ ತೆಗೆದ ಮೇಲೆ ವೇಗ ಹಾಗೆ ಹಾರಿತೆಂದರೆ, ಮೊದಲು `i` ಎಲ್ಲಿಂದ ಬರುತ್ತಿದೆ ಎಂದು ನೋಡಿ.