ಹೆರಿಗೆ ರಜೆಗೆ ಎರಡು ಕಾಗದ: ನಮ್ಮಲ್ಲಿ ಇದು ಕೈಗೂಡಿದ ಬಗೆ

ಹೆರಿಗೆ ರಜೆಯ ಮಂಜೂರಾತಿ ಪತ್ರದ ಜೊತೆಗೆ ವಿಭಾಗದ ಮ್ಯಾನೇಜರ್‌ಗೆ ಕೆಲಸದ ಹಸ್ತಾಂತರದ ಬಗ್ಗೆ ಪ್ರತ್ಯೇಕ ಟಿಪ್ಪಣಿಯೊಂದನ್ನು ಕೊಡೋಣ ಎಂದು ನಾನು ಹೇಳಿದಾಗ ಘಟಕದ ಮುಖ್ಯಸ್ಥರು, "ಒಂದು ರಜೆಗೆ ಇಷ್ಟು ಕಾಗದವೇ?" ಎಂದು ಕೇಳಿದ್ದರು. ಎಚ್‌.ಆರ್‌. ವಿಭಾಗಕ್ಕೆ ಬೇರೆ ಕೆಲಸವಿಲ್ಲ ಎಂದವರೂ ಇದ್ದರು. ಈಗ ಅದೇ ಮುಖ್ಯಸ್ಥರು ನನ್ನ ನಮೂನೆಯನ್ನು ನಮ್ಮ ಇನ್ನೊಂದು ಘಟಕಕ್ಕೂ ಕಳಿಸಿದ್ದಾರೆ. ನಮ್ಮದು ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ, ಇನ್ನೂರರ ಆಸುಪಾಸು ಜನ ಇರುವ ಕಾರ್ಖಾನೆ.

ಹಿಂದೆ ನಮ್ಮಲ್ಲಿ ಒಂದೇ ಪತ್ರವಿತ್ತು. ಅದರ ಕೊನೆಯಲ್ಲಿ "ಕೆಲಸವನ್ನು ತೃಪ್ತಿಕರವಾಗಿ ಒಪ್ಪಿಸಿದ ನಂತರ ರಜೆ ಜಾರಿಗೆ ಬರುತ್ತದೆ" ಎಂಬ ಸಾಲು. ನೋಡಲು ಸಭ್ಯವಾದ ಸಾಲೇ. ಆದರೆ ಉಗ್ರಾಣದಲ್ಲಿದ್ದ ಒಬ್ಬರಿಗೆ ಏಳನೆಯ ತಿಂಗಳಲ್ಲಿ ವೈದ್ಯರು ಏಳಬಾರದು ಎಂದು ಹೇಳಿದಾಗ ಅದೇ ಸಾಲು ಮುಳುವಾಯಿತು. ದಾಸ್ತಾನು ಪುಸ್ತಕ ಒಪ್ಪಿಸಿಲ್ಲವೆಂದು ಸಂಬಳದ ವಿಭಾಗ ಹಣ ತಡೆಯಿತು. ವಕೀಲರ ನೋಟಿಸ್ ಬಂತು. ಹಣವನ್ನು ಕೊಡಲೇಬೇಕಿತ್ತು, ಕೊಟ್ಟೆವು; ಅದರ ಮೇಲೆ ಹದಿನೈದು ಸಾವಿರದಷ್ಟು ವಕೀಲರ ಶುಲ್ಕ. ರಜೆ ಆಕೆಯ ಹಕ್ಕು, ಕೆಲಸ ಒಪ್ಪಿಸಿಕೊಳ್ಳುವುದು ಸಂಸ್ಥೆಯ ಹೊಣೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಒಂದು ಇನ್ನೊಂದಕ್ಕೆ ಷರತ್ತಾಗಿಬಿಡುತ್ತದೆ. ಆದ್ದರಿಂದ ನನ್ನ ಕ್ರಮದಲ್ಲಿ ಪತ್ರದಲ್ಲಿ ಹಸ್ತಾಂತರದ ಮಾತೇ ಇರುವುದಿಲ್ಲ. ಟಿಪ್ಪಣಿಯಲ್ಲಿ ಮಂಜೂರಾತಿಯ ಮಾತು ಬರುವುದಿಲ್ಲ. ಎರಡೂ ಒಂದೇ ದಿನ ಹೊರಡುತ್ತವೆ, ಆದರೆ ಬೇರೆ ಬೇರೆ ಕೈಗೆ.

ಈ ಕ್ರಮ ಮೊದಲು ಪೂರ್ತಿಯಾಗಿ ನಡೆದದ್ದು 2023ರಲ್ಲಿ, ಸರಬರಾಜುದಾರರ ಬಿಲ್ ಪಾವತಿ ನೋಡುತ್ತಿದ್ದ ಹಿರಿಯ ಲೆಕ್ಕಿಗರೊಬ್ಬರ ಪ್ರಕರಣದಲ್ಲಿ. ಹೆರಿಗೆಯ ನಿರೀಕ್ಷಿತ ದಿನ ಸೆಪ್ಟೆಂಬರ್ 14. ಎಂಟು ವಾರ ಮೊದಲೇ, ಅಂದರೆ ಜುಲೈ 20ರಿಂದಲೇ ಅವರು ರಜೆ ಹಾಕಬಹುದಿತ್ತು. ಮಗುವಿನ ಜೊತೆ ಹೆಚ್ಚು ದಿನ ಇರಬೇಕೆಂದು ಆಗಸ್ಟ್ 24 ಆರಿಸಿಕೊಂಡರು. 26 ವಾರವೆಂದರೆ 182 ದಿನ, ಭಾನುವಾರಗಳೂ ಸೇರಿ. ಫೆಬ್ರವರಿ 21ಕ್ಕೆ ರಜೆ ಮುಗಿದು 22ಕ್ಕೆ ಹಾಜರಿ. ಪತ್ರದ ಮುಖ್ಯ ಭಾಗ ಇಷ್ಟೇ:

"ತಮಗೆ 24-08-2023ರಿಂದ, ಅಥವಾ ಅದಕ್ಕೆ ಮೊದಲೇ ಹೆರಿಗೆಯಾದಲ್ಲಿ ಹೆರಿಗೆಯ ದಿನದಿಂದ, ಒಟ್ಟು 26 ವಾರಗಳ ವೇತನಸಹಿತ ಹೆರಿಗೆ ರಜೆಯನ್ನು ಮಂಜೂರು ಮಾಡಲಾಗಿದೆ. ಹೆರಿಗೆ ದಿನಾಂಕ ಬದಲಾದರೆ ಹೊಸ ಅರ್ಜಿ ಬೇಕಿಲ್ಲ; ಮರಳಿ ಹಾಜರಾಗುವ ದಿನವನ್ನು ನಾವೇ ಲೆಕ್ಕಹಾಕಿ ತಿಳಿಸುತ್ತೇವೆ."

"ಅಥವಾ ಅದಕ್ಕೆ ಮೊದಲೇ" ಎಂಬ ತುಣುಕನ್ನು ಬಿಡಬೇಡಿ. ಅದಿಲ್ಲದ ಪತ್ರದಲ್ಲಿ ರಜೆ ಶುರುವಾಗುವ ನಾಲ್ಕು ದಿನ ಮುಂಚೆ ಮಗು ಹುಟ್ಟಿದರೆ ಆ ನಾಲ್ಕು ದಿನ ಗೈರುಹಾಜರಿಯೋ ಸಾಂದರ್ಭಿಕ ರಜೆಯೋ ಎಂದು ಹಾಜರಿ ವಿಭಾಗ ಕೇಳುತ್ತದೆ, ಅದೂ ಬಾಣಂತಿಯನ್ನೇ.

ಹಣದ ವಿಷಯ. ಅವರ ಸಂಬಳ 48 ಸಾವಿರದ ಹತ್ತಿರ. ಇ.ಎಸ್‌.ಐ.ನ 21 ಸಾವಿರದ ಮಿತಿ ದಾಟಿದ್ದರಿಂದ ಪೂರ್ತಿ ಹೊರೆ ಸಂಸ್ಥೆಯದೇ. ದಿನಕ್ಕೆ 1,600 ಹಿಡಿದರೆ ಒಟ್ಟು ಸುಮಾರು 2.9 ಲಕ್ಷ. ಹೆರಿಗೆಗೆ ಮುಂಚಿನ ಭಾಗವನ್ನು, ಇಲ್ಲಿ ಮೂರು ವಾರದ್ದನ್ನು, ಮುಂಗಡವಾಗಿ ಕೊಡಬೇಕು. ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು. ಎರಡೂವರೆ ಲಕ್ಷ ಒಂದೇ ಸಲ ಹೊರಡುತ್ತದೆ ಎಂದಾಗ ಹಣಕಾಸಿನವರು ಹೌಹಾರಿದರು. ಆದರೆ ಯಾವ ತಿಂಗಳು ಎಂಬುದು ಮೊದಲೇ ಗೊತ್ತಿದ್ದರೆ ಅದು ಯಂತ್ರದ ಕಂತಿಗಿಂತ ದೊಡ್ಡ ಸಂಗತಿಯಲ್ಲ. ವೈದ್ಯಕೀಯ ಬೋನಸ್ 3,500ನ್ನೂ ಪತ್ರದಲ್ಲೇ ಬರೆದೆ. ಸಂಸ್ಥೆ ಉಚಿತ ತಪಾಸಣೆ, ಆರೈಕೆ ಒದಗಿಸದಿದ್ದರೆ ಇದನ್ನು ಕೊಡಲೇಬೇಕು. ಬಹಳ ಕಡೆ ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ.

ಇನ್ನು ಟಿಪ್ಪಣಿ. ಹೋಗುವವರು ಬರೆದ ಹಸ್ತಾಂತರ ಟಿಪ್ಪಣಿಯಲ್ಲಿ ನನಗೆ ನಂಬಿಕೆಯಿಲ್ಲ. ಕೈಗೆ ಪಳಗಿದ್ದನ್ನು ಅವರು ಬರೆಯುವುದೇ ಇಲ್ಲ. ಮೊದಲು ಪರದೆಯ ಮೇಲಿನ ಕೆಲಸವನ್ನು ವಿಡಿಯೊ ಮಾಡಿಸಿ ನೋಡಿದೆವು. ಗಂಟೆಗಟ್ಟಲೆ ವಿಡಿಯೊ ಸೇರಿತು, ತೆರೆದು ನೋಡಿದವರಿಲ್ಲ. ಈ ಸಲ ಟಿಪ್ಪಣಿಯನ್ನು ಕೆಲಸ ವಹಿಸಿಕೊಳ್ಳುವ ಹುಡುಗನೇ ಬರೆಯಬೇಕೆಂದು ಹಟ ಹಿಡಿದೆ. ಜುಲೈನ ಪೂರ್ತಿ ತಿಂಗಳ ಕೆಲಸವನ್ನು ಅವನು ಮಾಡಿದ, ಅವರು ಪಕ್ಕದಲ್ಲಿ ಕುಳಿತು ನೋಡಿದರು. ಎಲ್ಲಿ ಸಿಕ್ಕಿಕೊಂಡನೋ ಅಲ್ಲಿ ಒಂದು ಸಾಲು ಬರೆದ. ಆಗಲೇ ಹೊರಬಿದ್ದದ್ದು: ಬ್ಯಾಂಕ್ ಪಾವತಿಯ ಒ.ಟಿ.ಪಿ. ಬರುವುದು ಅವರ ಸ್ವಂತ ಮೊಬೈಲಿಗೆ. ಜಿ.ಎಸ್‌.ಟಿ. ಪೋರ್ಟಲ್‌ಗೂ ಅದೇ ಸಂಖ್ಯೆ. ಗಮನಿಸದೆ ಬಿಟ್ಟಿದ್ದರೆ ಹೆರಿಗೆ ವಾರ್ಡಿಗೆ ಫೋನ್ ಮಾಡಿ ಒ.ಟಿ.ಪಿ. ಕೇಳುವ ಸ್ಥಿತಿ ಬರುತ್ತಿತ್ತು. ಬೇರೆಡೆ ಹಾಗೆ ಕೇಳಿದವರನ್ನು ನಾನು ಬಲ್ಲೆ. ಬ್ಯಾಂಕಿನಲ್ಲಿ ಸಂಖ್ಯೆ ಬದಲಾಗಲು ವಾರಗಳೇ ಹಿಡಿದವು. ಇದನ್ನು ಕೊನೆಯ ವಾರಕ್ಕೆ ಇಡಲೇಬಾರದು.

ಅವನ ಟಿಪ್ಪಣಿ ವಿಷಯವಾರು ಇರಲಿಲ್ಲ, ತಾರೀಖುವಾರು ಇತ್ತು. 7ಕ್ಕೆ ಟಿ.ಡಿ.ಎಸ್. ಕಟ್ಟುವುದು, 11ಕ್ಕೆ ಜಿ.ಎಸ್‌.ಟಿ.ಆರ್‌-1, 20ಕ್ಕೆ 3-ಬಿ. ಪ್ರತಿ ತಾರೀಖಿನ ಎದುರು ಯಾರು ಮಾಡುತ್ತಾರೆ, ಅವರಿಲ್ಲದಿದ್ದರೆ ಯಾರು ಎಂಬ ಎರಡು ಹೆಸರು. ಸಣ್ಣ ಉದ್ಯಮಗಳ ಬಿಲ್‌ಗಳು 45 ದಿನ ದಾಟಬಾರದೆಂಬ ಪಟ್ಟಿ ಬೇರೆ. ತಾತ್ಕಾಲಿಕವಾಗಿ ತೆಗೆದುಕೊಂಡ ಆ ಹುಡುಗನಿಗೆ ಎಲ್ಲ ಸೇರಿ ಎರಡು ಲಕ್ಷದೊಳಗೆ ಆಯಿತು. ಅವರಿಲ್ಲದ ಆರು ತಿಂಗಳಲ್ಲಿ ಒಂದು ರೂಪಾಯಿ ವಿಳಂಬ ಶುಲ್ಕ ಕಟ್ಟಲಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಮ್ಯಾನೇಜರ್ ಟಿಪ್ಪಣಿಗೆ ಸಹಿ ಹಾಕಲು ಹಿಂಜರಿದದ್ದು, ರಜೆಯಲ್ಲಿರುವವರಿಗೆ ಫೋನ್ ಮಾಡಬಾರದೆಂಬ ಸಾಲು ನೋಡಿ. ಹೆರಿಗೆಯ ನಂತರದ ಆರು ವಾರ ಯಾವ ಕೆಲಸವನ್ನೂ ಮಾಡಿಸುವಂತಿಲ್ಲ, ಕಾನೂನೇ ಹಾಗಿದೆ. ಒಂದು ಸಂದೇಹ ಕೇಳುವುದೂ ಕೆಲಸವೇ ಎಂದು ನಾನು ಬರೆದೆ. "ತುರ್ತು ಬಂದರೆ ಏನು ಮಾಡಲಿ?" ಎಂದರು. "ತುರ್ತಿಗೆಂದೇ ಎರಡನೆಯ ಹೆಸರು ಇದೆಯಲ್ಲ ಸರ್" ಎಂದೆ. ಸಹಿ ಬಿತ್ತು.

ಮರಳುವ ಭಾಗವನ್ನು ಆಗಸ್ಟಿನಲ್ಲೇ ಗಟ್ಟಿ ಮಾಡಬಾರದು. ಜನವರಿ ಮೊದಲ ವಾರದಲ್ಲಿ ಮ್ಯಾನೇಜರ್ ಒಮ್ಮೆ ಮಾತನಾಡಬೇಕು, ಕೇಳಬೇಕಾದದ್ದು ಇಂಥವು ಎಂದಷ್ಟೇ ಟಿಪ್ಪಣಿಯಲ್ಲಿತ್ತು: ಮಗುವನ್ನು ಕಾರ್ಖಾನೆಯ ಶಿಶುಪಾಲನಾ ಕೊಠಡಿಗೆ ತರುತ್ತಾರೆಯೇ, ಮನೆಯಿಂದ ಕೆಲಸ ಎಷ್ಟು ದಿನ ಬೇಕು, ಹಾಲೂಡಿಸುವ ಎರಡು ವಿರಾಮಗಳು ಯಾವ ಹೊತ್ತಿಗೆ. ಅವರು ಬೆಳಿಗ್ಗೆ ಹನ್ನೊಂದೂವರೆ, ಮಧ್ಯಾಹ್ನ ಮೂರೂವರೆ ಎಂದರು. ಆ ಹೊತ್ತಿನಲ್ಲಿ ಸಭೆ ಕರೆಯುವಂತಿಲ್ಲ ಎಂದು ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಕ್ಯಾಲೆಂಡರಿನಲ್ಲೇ ಕಟ್ಟಿಹಾಕಿದೆವು. ಫೆಬ್ರವರಿ 22 ಗುರುವಾರವಾಗಿತ್ತು. ಮೊದಲ ವಾರ ಎರಡೇ ದಿನದ್ದಾಗಿ, ನಡುವೆ ಶನಿವಾರ, ಭಾನುವಾರ ಸಿಕ್ಕಿದ್ದು ಎಷ್ಟು ಅನುಕೂಲವಾಯಿತೆಂದರೆ, ಈಗ ಯಾರೇ ಮರಳಿದರೂ ಬೇಕಾದರೆ ಒಂದೆರಡು ಗಳಿಕೆ ರಜೆ ಸೇರಿಸಿ ಗುರುವಾರಕ್ಕೇ ಹೊಂದಿಸುತ್ತೇನೆ. ಹುಡುಗನನ್ನು ಮಾರ್ಚ್ ಮುಗಿಯುವವರೆಗೆ ಉಳಿಸಿಕೊಂಡದ್ದಕ್ಕೆ ಮೂವತ್ತು ಸಾವಿರದಷ್ಟು ಹೆಚ್ಚು ಹೋಯಿತು. ವರ್ಷಾಂತ್ಯದ ಲೆಕ್ಕ ಅವನ ತಲೆಯ ಮೇಲಿತ್ತು, ಅವರ ಮೇಲಲ್ಲ.

ನಮೂನೆ ಬಳಸುವವರು ಒಂದನ್ನು ತಿದ್ದಿಕೊಳ್ಳಿ. ನನ್ನ ಹಳೆಯ ಪತ್ರದಲ್ಲಿ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಹೆಸರಿದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿರುವುದರಿಂದ ಕಾಯ್ದೆಯ ಹೆಸರನ್ನೂ ಕಲಮಿನ ಸಂಖ್ಯೆಯನ್ನೂ ಬದಲಿಸಬೇಕು. ಎಂಟು ವಾರ, 26 ವಾರಗಳ ಲೆಕ್ಕ ಹಾಗೆಯೇ ಇದೆ.