ಚೆನ್ನೈನ ಕಂಪನಿ ಬೆಂಗಳೂರಿನದಾದಾಗ: ಕಾಗದದಲ್ಲಿ ಜಾಡು ಹಿಡಿದ ನನ್ನ ಅನುಭವ

ಚಿತ್ರದುರ್ಗದ ಸುತ್ತಲಿನ ಗುಡ್ಡಗಳಲ್ಲಿ ಗಾಳಿಯಂತ್ರ ನಿಂತ ಜಮೀನುಗಳ ಹಕ್ಕಿನ ದಾಖಲೆ ಪರಿಶೀಲಿಸಿ ಸರ್ಚ್ ರಿಪೋರ್ಟ್ ಮಾಡುವವರಿಗೆಲ್ಲ ಈ ತೊಡಕು ಗೊತ್ತು. ಹದಿನೈದು ವರ್ಷದ ಹಿಂದಿನ ಕ್ರಯಪತ್ರದಲ್ಲಿ ಕೊಂಡ ಕಂಪನಿಯ ವಿಳಾಸ ಚೆನ್ನೈ. ಈಗ ಸಾಲಕ್ಕೋ ಮಾರಾಟಕ್ಕೋ ಬಂದಿರುವ ಕಂಪನಿಯ ಹೆಸರು ಅಕ್ಷರಶಃ ಅದೇ, ವಿಳಾಸ ಮಾತ್ರ ಬೆಂಗಳೂರು, ಸಿಐಎನ್ ಎಂಬ ಕಂಪನಿ ನೋಂದಣಿ ನಂಬರು ಬೇರೆ. ಪಹಣಿಯಲ್ಲಿ ಹೆಸರು ಬಿಟ್ಟರೆ ಏನೂ ಇಲ್ಲ. ಇಸಿಯಲ್ಲಿ ಈ ಹದಿನೈದು ವರ್ಷದಲ್ಲಿ ಒಂದು ಸಾಲೂ ಬಿದ್ದಿಲ್ಲ. ಇವೆರಡೂ ಒಂದೇ ಕಂಪನಿಯೋ, ಒಂದೇ ಹೆಸರಿನ ಎರಡೋ?

ಸಿಐಎನ್ ಓದಿಯೇ ಅರ್ಧ ಉತ್ತರ ಹೇಳಬಹುದು ಎಂದಾಗ ಬ್ಯಾಂಕ್ ಪ್ಯಾನೆಲಿನ ಹಿರಿಯರು ಒಪ್ಪಲಿಲ್ಲ. ನಂಬರಿನಲ್ಲಿ ಚರಿತ್ರೆ ಎಲ್ಲಿರುತ್ತದೆ ಎಂದರು. ಇರುತ್ತದೆ. ಈಗ ನನ್ನ ರಿಪೋರ್ಟುಗಳು ಅದರ ಮೇಲೆಯೇ ಪಾಸಾಗುತ್ತಿವೆ, ಹಾಗಾಗಿ ಬರೆಯುತ್ತಿದ್ದೇನೆ.

ಹೊಳಲ್ಕೆರೆ ತಾಲ್ಲೂಕಿನ ಕೇಸು ಹೀಗಿತ್ತು. ಕೊನೆಯ ಅಂಕಿಗಳನ್ನು ಮುಚ್ಚಿದ್ದೇನೆ.

```
U40108TN2005PTC05xxxx
U40108KA2005PTC11xxxx
```

21 ಅಕ್ಷರಗಳಲ್ಲಿ ಬದಲಾಗಿರುವುದು ಎರಡೇ ಜಾಗ: ರಾಜ್ಯದ ಎರಡು ಅಕ್ಷರ, ಕೊನೆಯ ಆರು ಅಂಕಿ. ನೋಂದಾಯಿತ ಕಚೇರಿ ರಾಜ್ಯ ದಾಟಿದ್ದರ ಗುರುತು ಇದು. ಹೊಸ ರಾಜ್ಯದ ಕಂಪನಿ ರಿಜಿಸ್ಟ್ರಾರ್ ಕಚೇರಿ, ಅಂದರೆ ಆರ್‌ಒಸಿ, ತನ್ನ ಸಾಲಿನಲ್ಲಿ ಹೊಸ ನಂಬರು ಕೊಡುತ್ತದೆ, ಹುಟ್ಟಿದ ವರ್ಷವನ್ನು ಮುಟ್ಟುವುದಿಲ್ಲ. ಉಳಿದ ಅಕ್ಷರಗಳು ಬದಲಾದರೆ ಕಾರಣ ಬೇರೆ. U ಹೋಗಿ L ಬಂದರೆ ಷೇರುಪೇಟೆಗೆ ಬಂದಿದೆ. PTC ಹೋಗಿ PLC ಬಂದರೆ ಪ್ರೈವೇಟ್ ಕಂಪನಿ ಪಬ್ಲಿಕ್ ಆಗಿದೆ, ಆಗ ಕೊನೆಯ ಆರು ಅಂಕಿ ಹಾಗೆಯೇ ಉಳಿಯುತ್ತವೆ. ಐದಂಕಿಯ ಉದ್ಯಮ ಸಂಕೇತ ಬದಲಾದರೆ ಕಸುಬು ಬದಲಾಗಿದೆ, ಇಲ್ಲವೇ ಸಂಕೇತವನ್ನು ತಿದ್ದಿದ್ದಾರೆ.

ಕೈಯಲ್ಲಿ ಹೊಸ ಸಿಐಎನ್ ಒಂದೇ ಇದ್ದರೂ ವಲಸೆ ಬಂದ ಕಂಪನಿಯನ್ನು ಗುರುತಿಸಬಹುದು. ಹುಟ್ಟಿದ ವರ್ಷಕ್ಕೂ ನಂಬರಿಗೂ ಹೊಂದಿಕೆ ಇದೆಯೇ ನೋಡಿ. ಕರ್ನಾಟಕದ ಸಾಲಿನಲ್ಲಿ 1978ರ ಬಯೋಕಾನ್‌ಗೆ 003417. 1999ರ ಮೈಂಡ್‌ಟ್ರೀಗೆ 025564. 2008ರ ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 046866. ಈಗ ಇನ್ಫೋಸಿಸ್, ವಿಪ್ರೋ ನೋಡಿ:

```
L85110KA1981PLC013115
L32102KA1945PLC020800
```

1978ರಲ್ಲಿ ಮೂರು ಸಾವಿರದ ಆಸುಪಾಸಿನಲ್ಲಿದ್ದ ಸಾಲು ಮೂರೇ ವರ್ಷಕ್ಕೆ ಹದಿಮೂರು ಸಾವಿರ ದಾಟುವುದಿಲ್ಲ. ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಹುಟ್ಟಿದ್ದು, ಕರ್ನಾಟಕದ ನಂಬರು ಸಿಕ್ಕಿದ್ದು ಆಮೇಲೆ. ಎರಡನೆಯ ಸಾಲು ವಿಪ್ರೋದು. 1945ರಲ್ಲಿ ಮಹಾರಾಷ್ಟ್ರದ ಕಡೆ ವನಸ್ಪತಿ ಎಣ್ಣೆಯ ಕಂಪನಿಯಾಗಿ ಶುರುವಾಗಿದ್ದು. 20800 ಎಂಬ ನಂಬರು 1999ರ 25564ಕ್ಕಿಂತ ಸ್ವಲ್ಪವೇ ಕೆಳಗಿದೆ. ಅಂದರೆ ಇಲ್ಲಿಗೆ ಬಂದದ್ದು ತೊಂಬತ್ತರ ದಶಕದಲ್ಲಿ ಎಂದು ಫೈಲು ತೆರೆಯದೆಯೇ ಹೇಳಬಹುದು.

ಹೊಳಲ್ಕೆರೆಯ ಕೇಸಿನಲ್ಲೂ ಅಷ್ಟೇ. 2005ರಲ್ಲಿ ಇಲ್ಲಿಯೇ ಹುಟ್ಟಿದ ಕಂಪನಿಯ ನಂಬರು ಮೂವತ್ತೈದು ಸಾವಿರದ ಆಚೆ ಈಚೆ ಇರಬೇಕು. ಇದರದು ಹನ್ನೊಂದು ಎಂದು ಶುರುವಾಗುವ ಆರಂಕಿ. ನನ್ನ ಪಟ್ಟಿಯ ಪ್ರಕಾರ ಅದು 2018ರ ಸುಮಾರಿನದು, ಫೈಲಿನಲ್ಲಿ ಸಿಕ್ಕಿದ್ದೂ 2018ರ ಸರ್ಟಿಫಿಕೇಟೇ. ವರ್ಷವಾರು ಪೂರ್ತಿ ಪಟ್ಟಿ ಇಲ್ಲಿ ಕೊಡುವುದಿಲ್ಲ, ಅದನ್ನು ಕಟ್ಟಲು ಸುಮಾರು ಎರಡು ವರ್ಷ ಹಿಡಿಯಿತು. ಇಲ್ಲಿಯೇ ಹುಟ್ಟಿ ಇಲ್ಲಿಯೇ ಇರುವ ಕಂಪನಿಗಳನ್ನು ವರ್ಷಕ್ಕೆ ನಾಲ್ಕೈದು ಹೆಕ್ಕಿದರೆ ನಿಮ್ಮದೇ ಪಟ್ಟಿ ತಯಾರಾಗುತ್ತದೆ.

ಇದರಲ್ಲಿ ಮೋಸಹೋಗುವ ಜಾಗವೂ ಇದೆ. ಡಾ. ರೆಡ್ಡೀಸ್ ಕಂಪನಿಯ ಸಿಐಎನ್‌ನಲ್ಲಿ ಮೊದಲು AP ಇತ್ತು, ಈಗ TG ಇದೆ. ಆದರೆ 1984 ಮತ್ತು 004507 ಎರಡೂ ಹಾಗೆಯೇ ಇವೆ. ಅಲ್ಲಿ ಕಂಪನಿ ಕದಲಿಲ್ಲ, 2014ರಲ್ಲಿ ರಾಜ್ಯವೇ ಎರಡಾಯಿತು. ರಾಜ್ಯದ ಅಕ್ಷರ ಬದಲಾಗಿ ಕೊನೆಯ ಆರಂಕಿ ಉಳಿದಿದ್ದರೆ ಸ್ಥಳಾಂತರದ ಆದೇಶ ಹುಡುಕಲು ಹೋಗಬೇಡಿ, ಅಂಥದ್ದು ಇರುವುದೇ ಇಲ್ಲ. ಹಾಗೆಯೇ TZ ಎಂದು ಕಂಡರೆ ಅದು ಬೇರೆ ರಾಜ್ಯವಲ್ಲ, ಕೊಯಮತ್ತೂರಿನ ಆರ್‌ಒಸಿ. ಹೊಸೂರಿನ ಟೈಟನ್‌ಗೆ ಇರುವುದು ಅದೇ. PN ಎಂದರೆ ಪುಣೆ. ಒಂದೇ ರಾಜ್ಯದೊಳಗೆ ಆರ್‌ಒಸಿ ಬದಲಾದರೂ ಸಿಐಎನ್ ಬದಲಾಗುತ್ತದೆ.

ಇಷ್ಟು ಸುಳಿವಾಯಿತು, ಸುಳಿವನ್ನು ಬ್ಯಾಂಕ್ ಒಪ್ಪುವುದಿಲ್ಲ. ಪುರಾವೆಯ ವಿಷಯದಲ್ಲಿ ದುಡ್ಡು ಕಳೆದದ್ದು ಹೀಗೆ. ಮೊದಲು ಕಂಪನಿಯವರಿಂದ ‘ಎರಡೂ ಒಂದೇ’ ಎಂಬ ಅಫಿಡವಿಟ್ ಮಾಡಿಸಿದೆವು. ಛಾಪಾಕಾಗದ, ನೋಟರಿ ಸೇರಿ ಐದಾರು ನೂರು ಹೋಯಿತು, ಬ್ಯಾಂಕ್ ಅದನ್ನು ಹಾಗೆಯೇ ವಾಪಸ್ ಕಳಿಸಿತು. ಕಳಿಸಿದ್ದು ಸರಿಯೇ. ತಾನೇ ತನಗೆ ಕೊಟ್ಟ ಸಾಕ್ಷಿ ಅದು. ಎರಡನೇ ಸಲ ಹೆಸರಿನ ಮೇಲೆ ಹುಡುಕಿ, ಕೊನೆಯ ಪದ ಮಾತ್ರ ಬೇರೆ ಇದ್ದ ಸೋದರ ಕಂಪನಿಗಳ ದಾಖಲೆಗಳನ್ನು ತೆರೆದೆ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲಿನಲ್ಲಿ ಒಂದು ಕಂಪನಿಯ ಕಡತ ನೋಡಲು 100 ರೂಪಾಯಿ. ಗಾಳಿ ವಿದ್ಯುತ್ತಿನವರು ಗುಡ್ಡಕ್ಕೊಂದು ಕಂಪನಿ ಮಾಡಿರುತ್ತಾರೆ. ಏಳೆಂಟು ಕಂಪನಿ ತೆರೆದದ್ದೂ ದಂಡವಾಯಿತು. ಹೆಸರಿನಿಂದ ಎಂದೂ ಹುಡುಕಬೇಡಿ, ನಂಬರಿನಿಂದ ಹೋಗಿ.

ಕೆಲಸಕ್ಕೆ ಬಂದ ಸರಪಳಿ ಇದು. ಸದಸ್ಯರ ವಿಶೇಷ ನಿರ್ಣಯ MGT-14 ಎಂಬ ಫಾರ್ಮಿನಲ್ಲಿ ಇರುತ್ತದೆ. ಅದೇ ಸಚಿವಾಲಯದ ರೀಜನಲ್ ಡೈರೆಕ್ಟರ್‌ಗೆ ಅರ್ಜಿ INC-23ರಲ್ಲಿ, ಪತ್ರಿಕಾ ಪ್ರಕಟಣೆಯ ಮಾದರಿ INC-26ರಲ್ಲಿ. ಆದೇಶ ಬಂದ ಮೇಲೆ ಅದನ್ನು INC-28ರಲ್ಲಿ, ಹೊಸ ವಿಳಾಸವನ್ನು INC-22ರಲ್ಲಿ ಸಲ್ಲಿಸುತ್ತಾರೆ. 2013ರ ಕಂಪನಿ ಕಾಯ್ದೆಯ 13(7)ರ ಪ್ರಕಾರ ಆದೇಶ ಎರಡೂ ರಾಜ್ಯಗಳ ರಿಜಿಸ್ಟ್ರಾರ್ ಬಳಿ ದಾಖಲಾಗಬೇಕು, ಹೊಸ ರಾಜ್ಯದವರು ಹೊಸ ಸರ್ಟಿಫಿಕೇಟ್ ಕೊಡಬೇಕು. ಇಷ್ಟೂ ಕಾಗದ ಬೇಕಿಲ್ಲ. ಬ್ಯಾಂಕಿಗೆ ಬೇಕಾದದ್ದು ಎರಡು: ಆದೇಶದ ದೃಢೀಕೃತ ಪ್ರತಿ, ಹೊಸ ಸರ್ಟಿಫಿಕೇಟಿನ ದೃಢೀಕೃತ ಪ್ರತಿ. ಸರ್ಟಿಫಿಕೇಟಿಗೆ 100, ಉಳಿದದ್ದಕ್ಕೆ ಪುಟಕ್ಕೆ 25 ರೂಪಾಯಿ. ನಮ್ಮ ಕೇಸಿನಲ್ಲಿ ಎಲ್ಲ ಸೇರಿ ನಾಲ್ಕುನೂರು ದಾಟಲಿಲ್ಲ. ಅಫಿಡವಿಟ್ಟಿಗಿಂತ ಅಗ್ಗ.

ಆದೇಶ ಕೊಡುವವರು ಕಂಪನಿ ಬಿಟ್ಟುಹೋಗುವ ರಾಜ್ಯದ ರೀಜನಲ್ ಡೈರೆಕ್ಟರ್. ಚೆನ್ನೈನಿಂದ ಬಂದ ಕಂಪನಿಯ ಆದೇಶ ಚೆನ್ನೈನದೇ. ಅದಕ್ಕಾಗಿ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ನಮ್ಮ ಆರ್‌ಒಸಿಯ ಮೆಟ್ಟಿಲು ಹತ್ತಿ ವಿಚಾರಿಸಿದರೆ ಒಂದು ದಿನ ಮತ್ತು ಬಸ್ ಚಾರ್ಜು ಹೋಗುತ್ತದೆ, ಅಷ್ಟೆ.

ಆದೇಶದ ತಾರೀಖಿಗೂ ಹೊಸ ಸರ್ಟಿಫಿಕೇಟಿನ ತಾರೀಖಿಗೂ ನಡುವೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆದಿರುತ್ತವೆ. ಆ ನಡುವೆ ಸಹಿಯಾದ ಪತ್ರಗಳನ್ನು ಬಿಡದೆ ನೋಡಿ. ಸರ್ಟಿಫಿಕೇಟ್ ಬರುವವರೆಗೆ ಹಳೆಯ ವಿಳಾಸ, ಹಳೆಯ ಸಿಐಎನ್ ಬರೆದದ್ದೇ ಸರಿ. ಹೊಸ ವಿಳಾಸದ ಪಕ್ಕದಲ್ಲಿ ಹಳೆಯ ಸಿಐಎನ್ ಇದ್ದರೆ ಯಾರೋ ಅವಸರ ಮಾಡಿದ್ದಾರೆ. ಲೆಟರ್‌ಹೆಡ್ಡಿನಲ್ಲಿ ಸಿಐಎನ್‌ನ ರಾಜ್ಯಾಕ್ಷರವನ್ನೂ ನೋಂದಾಯಿತ ಕಚೇರಿಯ ಪಿನ್‌ಕೋಡನ್ನೂ ಜೋಡಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ಕಾರ್ಪೊರೇಟ್ ಆಫೀಸಿನ ವಿಳಾಸ ನೋಡಿ ಏಮಾರಬಾರದು, ಅದು ಯಾವ ರಾಜ್ಯದಲ್ಲಾದರೂ ಇರಬಹುದು.

ಎರಡು ಸಿಐಎನ್‌ಗಳನ್ನು ಕಟ್ಟುವ ಗೂಟ ಪ್ಯಾನ್. ಅದು ಬದಲಾಗುವುದಿಲ್ಲ. ಕ್ರಯಪತ್ರದಲ್ಲಿ ಪ್ಯಾನ್ ಬರೆದಿಲ್ಲದಿದ್ದರೆ ಆ ಕಾಲದ ಬಿಲ್ಲು, ಟಿಡಿಎಸ್ ಪತ್ರ ಏನಾದರೂ ಕೇಳಿ. ಜಿಎಸ್‌ಟಿ ಬಂದ ಮೇಲಿನದಾದರೆ ಇನ್ನೂ ಸುಲಭ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು, ತಮಿಳುನಾಡಿಗೆ 33, ನಮಗೆ 29. ಮೂರನೆಯದರಿಂದ ಹನ್ನೆರಡನೆಯವರೆಗಿನ ಹತ್ತು ಅಕ್ಷರ ಪ್ಯಾನ್. ಎರಡೂ ರಾಜ್ಯದ ನಂಬರಿನಲ್ಲಿ ಆ ಹತ್ತು ಅಕ್ಷರ ಒಂದೇ ಆಗಿದ್ದರೆ ಕಂಪನಿ ಒಂದೇ. ಆದರೆ ಜಿಎಸ್‌ಟಿ ನಂಬರು ಸ್ಥಳಾಂತರಕ್ಕೆ ಸಾಕ್ಷಿಯಲ್ಲ. ಕಚೇರಿ ಕದಲಿಸದೆಯೂ ಕಂಪನಿ ಹತ್ತು ರಾಜ್ಯದಲ್ಲಿ ನೋಂದಣಿ ಮಾಡಿಸಿರಬಹುದು.

2006ಕ್ಕಿಂತ ಹಿಂದೆ ಬಂದ ಕಂಪನಿಗಳು ಕಷ್ಟ. ಆಗ ಪೋರ್ಟಲ್ ಇರಲಿಲ್ಲ. 1956ರ ಕಾಯ್ದೆಯ 17ನೇ ಕಲಮಿನಡಿ ಕಂಪನಿ ಲಾ ಬೋರ್ಡ್ ಆದೇಶ ಕೊಡುತ್ತಿತ್ತು. ಆದೇಶ ಫಾರ್ಮ್ 21ರಲ್ಲಿ, ವಿಳಾಸ ಫಾರ್ಮ್ 18ರಲ್ಲಿ. ಇವು ಪೋರ್ಟಲಿನಲ್ಲಿ ಸಿಗದೇ ಇರಬಹುದು. ಆಗ ನೆರವಿಗೆ ಬರುವುದು ಹಳೆಯ ವಾರ್ಷಿಕ ವರದಿಯ ಕೊನೆಯ ಪುಟ. ಬ್ಯಾಲೆನ್ಸ್ ಶೀಟಿನ ಸಾರಾಂಶ ಎಂದು ಒಂದು ಪಟ್ಟಿ ಅಚ್ಚಾಗುತ್ತಿತ್ತು, ಅದರಲ್ಲಿ ನೋಂದಣಿ ನಂಬರಿನ ಜೊತೆ ರಾಜ್ಯದ ಕೋಡು ಇರುತ್ತಿತ್ತು. ಕರ್ನಾಟಕ 08, ಮಹಾರಾಷ್ಟ್ರ 11, ತಮಿಳುನಾಡು 18. ಈ ಕೋಡಿಗೂ ಜಿಎಸ್‌ಟಿ ಕೋಡಿಗೂ ಸಂಬಂಧವಿಲ್ಲ. ಬೇರೆ ಬೇರೆ ವರ್ಷದ ವರದಿ ಇಟ್ಟು ನೋಡಿದರೆ ಯಾವ ವರ್ಷ ಕೋಡು ಬದಲಾಯಿತೋ ಆ ವರ್ಷವೇ ವಲಸೆಯ ವರ್ಷ. ದಾವಣಗೆರೆಯ ಒಂದು ಹಳೆಯ ಕಡತ ಇದರಿಂದಲೇ ಬಗೆಹರಿಯಿತು. ಆ ವರದಿಗಳು ಎಲ್ಲಿ ಸಿಗುತ್ತವೆ ಎನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

‘ಕಂಪನಿ ಸಿಂಗಪುರಕ್ಕೆ ಹೋಗಿದೆ’ ಎನ್ನುವವರೂ ಇದ್ದಾರೆ. ನಮ್ಮ ಕಾಯ್ದೆಯಲ್ಲಿ ಭಾರತದ ಕಂಪನಿ ತನ್ನ ನೋಂದಾಯಿತ ಕಚೇರಿಯನ್ನು ದೇಶದ ಹೊರಗೆ ಒಯ್ಯಲು ದಾರಿಯಿಲ್ಲ. ಆಗಿರುವುದು ಹೆಚ್ಚಾಗಿ ಷೇರು ಕೈಬದಲು. ಇಲ್ಲಿನ ಸಿಐಎನ್ ಜೀವಂತವಾಗಿಯೇ ಇರುತ್ತದೆ, PTC ಜಾಗದಲ್ಲಿ FTC ಬಂದಿರಬಹುದು, ಅಂದರೆ ವಿದೇಶಿ ಕಂಪನಿಯ ಅಂಗಸಂಸ್ಥೆ. ಇಲ್ಲವೇ 234ನೇ ಕಲಮಿನಡಿ ಹೊರಗಿನ ಕಂಪನಿಯಲ್ಲಿ ವಿಲೀನ, ಆಗ ಸ್ಟೇಟಸ್ಸಿನಲ್ಲೇ ವಿಲೀನ ಎಂದು ಕಾಣುತ್ತದೆ, ಜಮೀನಿಗೆ ಹೊಸ ಒಡೆಯ ಬಂದಂತೆ. ಅಮೆರಿಕದಲ್ಲಿ ಹೇಗೆ ಎಂದು ಕುತೂಹಲಕ್ಕೆ ನೋಡಿದ್ದೆ. ಟೆಸ್ಲಾ 2024ರ ಜೂನ್‌ನಲ್ಲಿ ಡೆಲವೇರ್ ಬಿಟ್ಟು ಟೆಕ್ಸಾಸ್ ಕಂಪನಿಯಾಯಿತು. ಅಲ್ಲಿನ ಷೇರುಪೇಟೆ ನಿಯಂತ್ರಕರ EDGAR ಕಡತದಲ್ಲಿ ನಂಬರು 1318605 ಹಾಗೆಯೇ ಇದೆ, ರಾಜ್ಯ ಎನ್ನುವ ಜಾಗದಲ್ಲಿ ಮಾತ್ರ ಬದಲಾವಣೆ. ನಮ್ಮಲ್ಲಿ ಪ್ಯಾನ್ ಮಾಡುವ ಕೆಲಸವನ್ನು ಅಲ್ಲಿ ಆ ನಂಬರು ಮಾಡುತ್ತಿದೆ.

ಮತ್ತೆ ಹೊಳಲ್ಕೆರೆಗೆ. ರಾಜ್ಯ ಬದಲಿಸಿದ್ದು ಹಕ್ಕಿನ ವರ್ಗಾವಣೆಯಲ್ಲ. ಆದ್ದರಿಂದ ಮ್ಯುಟೇಶನ್ ಬೇಕಿಲ್ಲ, ಇಸಿಯಲ್ಲಿ ಏನೂ ಕಾಣದಿರುವುದೂ ಸಹಜ. ಕಂಪನಿ ಹೆಸರನ್ನೂ ಬದಲಿಸಿಕೊಂಡಿದ್ದರೆ ಆ ಮಾತು ಬೇರೆ, ಪಹಣಿಯಲ್ಲಿ ತಿದ್ದುಪಡಿ ಕೇಳಬೇಕು. ಇಲ್ಲಿ ಹೊಸ ಪತ್ರದ ಪೂರ್ವೇತಿಹಾಸದಲ್ಲಿ ಹೀಗೊಂದು ಪ್ಯಾರಾ ಸೇರಿಸಿದೆವು: ‘ಸದರಿ ಕಂಪನಿಯು ಮೊದಲು ತಮಿಳುನಾಡಿನಲ್ಲಿ ಇಂಥ ಸಿಐಎನ್ ಅಡಿ ನೋಂದಣಿಯಾಗಿದ್ದು, ಇಂಥ ತಾರೀಖಿನ ರೀಜನಲ್ ಡೈರೆಕ್ಟರ್ ಆದೇಶದಂತೆ ನೋಂದಾಯಿತ ಕಚೇರಿಯನ್ನು ಕರ್ನಾಟಕಕ್ಕೆ ಸ್ಥಳಾಂತರಿಸಿ, ಇಂಥ ತಾರೀಖಿನ ಸರ್ಟಿಫಿಕೇಟಿನಂತೆ ಇಂಥ ಸಿಐಎನ್ ಹೊಂದಿರುತ್ತದೆ, ಪ್ಯಾನ್ ಬದಲಾಗಿರುವುದಿಲ್ಲ.’ ಎರಡು ದೃಢೀಕೃತ ಪ್ರತಿಗಳನ್ನು ಲಗತ್ತಿಸಿದೆವು. ಮೂರು ಸಲ ವಾಪಸ್ ಬಂದಿದ್ದ ರಿಪೋರ್ಟು ನಾಲ್ಕನೇ ಸಲ ಪ್ರಶ್ನೆಯಿಲ್ಲದೆ ಹೋಯಿತು.